ಅಪ್ಪ-ಅಮ್ಮ ಮೈಸೂರಿನಲ್ಲಿ, ನೀವು ದೂರದಲ್ಲಿ

ಫೋನ್ ಮಾಡಿದಾಗಲೆಲ್ಲ ಅಮ್ಮ ಹೇಳುವುದು ಒಂದೇ: “ನಾನು ಚೆನ್ನಾಗಿದೀನಿ ಕಣೋ, ನಿಂದು ಊಟ ಆಯ್ತಾ?” ಮಂಡಿ ನೋವು ಜಾಸ್ತಿ ಆಗಿದ್ದು, ಒಬ್ಬರಿಗೇನು ಅಡುಗೆ ಅಂತ ಮಧ್ಯಾಹ್ನ ಎರಡು ಬಿಸ್ಕತ್ತು ತಿಂದು ಮಲಗಿದ್ದು, ಇವೆಲ್ಲ ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಸರಸ್ವತಿಪುರಂನ ನಮ್ಮ ಹಿರಿಯರ ಮನೆಯಿಂದ ನಿಮಗೆ ಸಿಗುವ ಮೊದಲ ಭರವಸೆ ಇದು: ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇವೆ.

ಪ್ರತಿ ಭಾನುವಾರ ಬೆಳಿಗ್ಗೆ 8.30ಕ್ಕೆ ವಿಡಿಯೋ ಕರೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದವರಿಗೆ ಅದು ಶನಿವಾರ ರಾತ್ರಿ 8 ಗಂಟೆ. ಲಂಡನ್, ದುಬೈ, ಸಿಡ್ನಿಯಲ್ಲಿದ್ದರೆ ನಿಮಗೆ ಹೊಂದುವ ಹೊತ್ತು ಹೇಳಿ. ಮೊದಲು ನಮ್ಮ ನರ್ಸ್ ವಾರದ ಬಿಪಿ, ಶುಗರ್, ತೂಕ ಓದಿ ಹೇಳುತ್ತಾರೆ. ಆಮೇಲೆ ಫೋನ್ ಅಪ್ಪ-ಅಮ್ಮನ ಕೈಗೆ ಕೊಟ್ಟು ಹೊರಗೆ ಹೋಗುತ್ತಾರೆ. ಏನಾದರೂ ದೂರಿದ್ದರೆ ಮಕ್ಕಳ ಹತ್ತಿರ ಧೈರ್ಯವಾಗಿ ಹೇಳಿಕೊಳ್ಳಬೇಕು, ಅಲ್ವಾ?

ಬಿದ್ದರೆ, ಜ್ವರ ಬಂದರೆ ಭಾನುವಾರದವರೆಗೆ ಕಾಯುವುದಿಲ್ಲ. ನಿಮ್ಮಲ್ಲಿ ನಡುರಾತ್ರಿಯಾದರೂ ಎಬ್ಬಿಸುತ್ತೇವೆ. ಆಸ್ಪತ್ರೆಗೆ ಹೊರಟರೆ ನಮ್ಮವರೊಬ್ಬರು ಜೊತೆಗೇ ಇರುತ್ತಾರೆ. ನೀವು ಕರೆಗೆ ಸಿಗದಿದ್ದರೆ ಯಾರನ್ನು ಕೇಳಬೇಕು ಅನ್ನುವುದನ್ನು ಸೇರುವ ದಿನವೇ ಬರೆಸಿಕೊಳ್ಳುತ್ತೇವೆ. ಊರಿನಲ್ಲಿರುವ ಚಿಕ್ಕಪ್ಪ, ಸೋದರತ್ತೆ, ಹಳೆಯ ಪಕ್ಕದ ಮನೆಯವರು, ಯಾರಾದರೂ ಆಗಬಹುದು.

ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದಾಗ ಜಾರಿ ಬೀಳುವ ಭಯ ಇದ್ದೇ ಇರುತ್ತದೆ. ಅದಕ್ಕೇ ಹಾಸಿಗೆಯಿಂದ ಬಚ್ಚಲವರೆಗೂ ಗೋಡೆಗೆ ಹಿಡಿ ಇದೆ, ರಾತ್ರಿಯಿಡೀ ಸಣ್ಣ ದೀಪ ಉರಿಯುತ್ತದೆ, ನೆಲಕ್ಕೆ ಜಾರದ ಟೈಲ್ಸ್ ಹಾಕಿದ್ದೇವೆ. ಕರೆಗಂಟೆ ಮಲಗಿದಲ್ಲೇ ಕೈಗೆ ಸಿಗುತ್ತದೆ.

ಅಡುಗೆ ನಮ್ಮ ಕಡೆಯದ್ದೇ: ಮುದ್ದೆ, ಸೊಪ್ಪಿನ ಸಾರು, ಮೆತ್ತಗಿನ ಅನ್ನ, ಮಜ್ಜಿಗೆ. ಶುಗರ್ ಇರುವವರಿಗೆ ಬೇರೆ ಪಾಯಸ ಮಾಡುವುದಿಲ್ಲ, ಅದೇ ಪಾಯಸ ಎರಡು ಚಮಚ. ಹಬ್ಬದ ದಿನ ಇಲ್ಲ ಅನ್ನಲು ನಮಗೂ ಮನಸ್ಸು ಬರುವುದಿಲ್ಲ. ನವೆಂಬರ್‌ನಲ್ಲಿ ಪಿಂಚಣಿಯವರ ಜೀವಿತ ಪ್ರಮಾಣಪತ್ರ ಮಾಡಿಸುವುದು ನಮ್ಮ ಕಚೇರಿಯ ಕೆಲಸ. ನೀವು ಅದಕ್ಕಾಗಿ ಯಾರನ್ನೂ ಬೇಡಿಕೊಳ್ಳಬೇಕಿಲ್ಲ.

ಇಲ್ಲಿ ಐಸಿಯು ಇಲ್ಲ. ಮರೆವು ಹೆಚ್ಚಾಗಿ, ದಾರಿ ತಿಳಿಯದೆ ಹೊರಗೆ ಹೊರಟುಬಿಡುವವರನ್ನು ನೋಡಿಕೊಳ್ಳುವ ತರಬೇತಿಯೂ ನಮಗಿಲ್ಲ. ಅಂಥವರನ್ನು ಸೇರಿಸಿಕೊಳ್ಳುವುದಿಲ್ಲ. ಅಪ್ಪ-ಅಮ್ಮ ಒಪ್ಪದೆ ಬರೀ ಮಕ್ಕಳು ಹೇಳಿದರೂ ಸೇರಿಸಿಕೊಳ್ಳುವುದಿಲ್ಲ. ಮೊದಲು ಒಂದು ತಿಂಗಳು ಇದ್ದು ನೋಡಲಿ. ಆ ತಿಂಗಳಿಗೆ ಠೇವಣಿ ಇಲ್ಲ. ಅವರ ಮನೆ ಬೀಗ ಹಾಕಿ ಹಾಗೇ ಇರಲಿ, ಮಾರುವ ಮಾತು ಈಗಲೇ ಬೇಡ.

ನೀವು ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಾಗ ಅಪ್ಪ-ಅಮ್ಮನ ಜೊತೆಗೇ ಉಳಿಯಲು ಮಹಡಿಯಲ್ಲಿ ಎರಡು ಕೋಣೆಗಳಿವೆ. ದಸರಾಕ್ಕೆ ಬರುವವರು ಸ್ವಲ್ಪ ಮುಂಚೆಯೇ ತಿಳಿಸಿ, ಆಗ ಕೇಳುವವರು ಜಾಸ್ತಿ.

ಸೇರಿಸುವ ಮುಂಚೆ ನಿಮ್ಮ ಕಡೆಯವರೊಬ್ಬರನ್ನು ಕಳಿಸಿ. ಹೇಳಿ ಬರಬೇಕಿಲ್ಲ. ಮಧ್ಯಾಹ್ನ 12.30ಕ್ಕೆ ಬಂದರೆ ಇಲ್ಲಿರುವವರ ಪಂಕ್ತಿಯಲ್ಲೇ ಕೂತು ಊಟ ಮಾಡಬಹುದು, ಅವರನ್ನೇ ಎಲ್ಲ ವಿಚಾರಿಸಬಹುದು.