ಅಪ್ಪನ ಕಾರಿನ ಐದು ದೀಪ (ಸನ್ ವೈಸರ್ ಹಿಂದೆ ಇಡುವ ಕಾರ್ಡು)

ಅಪ್ಪ, ಕೀ ತಿರುಗಿಸಿದ ಕೂಡಲೇ ಎಲ್ಲ ದೀಪ ಒಟ್ಟಿಗೆ ಹತ್ತುತ್ತವೆ, ಅದು ಸರಿ. ಇಂಜಿನ್ ಶುರುವಾಗಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಹೊರಡಬೇಡಿ. ಹ್ಯಾಂಡ್‌ಬ್ರೇಕ್ ಎಳೆದಿರುವಷ್ಟು ಹೊತ್ತು ಅದರ ದೀಪ ಮಾತ್ರ ಇರುತ್ತದೆ.

ಕೆಂಪು ಹತ್ತಿದರೆ: ಇಂಡಿಕೇಟರ್ ಹಾಕಿ ರಸ್ತೆ ಬದಿಗೆ ಬನ್ನಿ, ನಾಲ್ಕೂ ಇಂಡಿಕೇಟರ್ ಮಿನುಗುವ ತ್ರಿಕೋನದ ಬಟನ್ ಒತ್ತಿ. ಫೋನಿನಲ್ಲಿ 1 ಒತ್ತಿ ಹಿಡಿದರೆ ನನಗೆ ಬರುತ್ತದೆ.

1. ಎಣ್ಣೆ ಗಿಂಡಿ, ತುದಿಯಲ್ಲಿ ಹನಿ (ಕೆಂಪು)
ಇಂಜಿನ್‌ಗೆ ಆಯಿಲ್ ಒತ್ತಡ ಸಿಗುತ್ತಿಲ್ಲ. ತಕ್ಷಣ ನಿಲ್ಲಿಸಿ, ಇಂಜಿನ್ ಆರಿಸಿ. ಮನೆ ಎರಡೇ ನಿಮಿಷದ ದಾರಿ ಇದ್ದರೂ ಓಡಿಸಬೇಡಿ, ಅಷ್ಟರಲ್ಲೇ ಬೇರಿಂಗ್ ಸವೆದು ಇಂಜಿನ್ ಹಿಡಿದುಕೊಳ್ಳಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಾಗಿ ಕಂಡರೂ ಮತ್ತೆ ಸ್ಟಾರ್ಟ್ ಬೇಡ, ಪಂಪೇ ಕೆಟ್ಟಿರಬಹುದು. ಟೋ ಮಾಡಿಸೋಣ.

2. ನೀರಿನ ಅಲೆ ಮೇಲೆ ಥರ್ಮಾಮೀಟರ್ (ಕೆಂಪು)
ಇಂಜಿನ್ ಕಾದಿದೆ. ಎಸಿ ಆರಿಸಿ. ನಿಲ್ಲಿಸಲು ಜಾಗ ಸಿಗುವವರೆಗೆ ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ಪೂರ್ತಿ ಜೋರಿಗೆ ತಿರುಗಿಸಿ. ಇಂಜಿನ್ನಿನ ಶಾಖ ಸ್ವಲ್ಪ ಒಳಗೆ ಬರುತ್ತದೆ, ಸಹಿಸಿಕೊಳ್ಳಿ. ನಿಂತ ಮೇಲೆ ಇಂಜಿನ್ ಆರಿಸಿ, ಕಾರಿನಿಂದ ಇಳಿದು ಟ್ರಾಫಿಕ್‌ನಿಂದ ದೂರ ನಿಲ್ಲಿ.
ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗಿನ ಕುದಿನೀರು ಒತ್ತಡದಲ್ಲಿ ಮುಖಕ್ಕೆ ಎರಚುತ್ತದೆ. ಗಂಟೆ ಕಳೆದರೂ ನಾನು ಬರುವವರೆಗೆ ಹಾಗೇ ಬಿಡಿ. ಇದೇ ಗುರುತು ನೀಲಿಯಾಗಿದ್ದರೆ ಇಂಜಿನ್ ಇನ್ನೂ ತಣ್ಣಗಿದೆ ಅಷ್ಟೆ.

3. ವೃತ್ತದೊಳಗೆ ! (ಕೆಂಪು)
ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿದೆಯೇ ನೋಡಿ. ಒಂದು ಹಲ್ಲು ಮೇಲಿದ್ದರೂ ದೀಪ ಆರುವುದಿಲ್ಲ. ಇಳಿಸಿದರೂ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು, ಎಲ್ಲೋ ಸೋರುತ್ತಿರಬಹುದು. ಪೆಡಲ್ ಗಟ್ಟಿಯಿದ್ದರೂ ಮುಂದೆ ಹೋಗುವುದು ಬೇಡ.
ಓಡುವಾಗ ಪೆಡಲ್ ನೆಲಕ್ಕೆ ಇಳಿದುಬಿಟ್ಟರೆ: ಬೇಗ ಬೇಗ ಮತ್ತೆ ಮತ್ತೆ ತುಳಿಯಿರಿ, ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕ್ ಬಟನ್ ಒತ್ತಿಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಜಗ್ಗಿ ಎಳೆದರೆ ಹಿಂದಿನ ಚಕ್ರ ಕಚ್ಚಿಕೊಂಡು ಕಾರು ಜಾರುತ್ತದೆ.

4. ಪೆಟ್ಟಿಗೆಯಲ್ಲಿ + ಮತ್ತು – (ಕೆಂಪು)
ಬ್ಯಾಟರಿ ಚಾರ್ಜ್ ಆಗುತ್ತಿಲ್ಲ: ಆಲ್ಟರ್ನೇಟರ್ ಕೆಟ್ಟಿದೆ, ಇಲ್ಲವೇ ಬೆಲ್ಟ್ ಹೋಗಿದೆ. ಬದಿಗೆ ನಿಂತರೂ ಇಂಜಿನ್ ಆರಿಸಬೇಡಿ, ಮತ್ತೆ ಸ್ಟಾರ್ಟ್ ಆಗದೇ ಹೋಗಬಹುದು. ಎಸಿ, ರೇಡಿಯೋ, ಫೋನ್ ಚಾರ್ಜರ್ ಆರಿಸಿ ಹತ್ತಿರದ ಗ್ಯಾರೇಜಿಗೆ ಹೋಗಿ. ಸ್ಟಿಯರಿಂಗ್ ಭಾರವಾದರೆ ಅಥವಾ 2ನೇ ದೀಪವೂ ಹತ್ತಿದರೆ ನಿಲ್ಲಿಸಿ ಆರಿಸಿಬಿಡಿ. ರಾತ್ರಿಯಾಗಿದ್ದರೆ ಹೋಗುವುದೇ ಬೇಡ, ಹೆಡ್‌ಲೈಟ್ ದಾರಿಯಲ್ಲೇ ಮಂಕಾಗುತ್ತದೆ.
(ವಾರಗಟ್ಟಲೆ ನಿಂತ ಕಾರು ಬೆಳಿಗ್ಗೆ ಸೆಲ್ಫ್ ಎಳೆಯದಿದ್ದರೆ ಅದು ಬರೀ ಬ್ಯಾಟರಿ ಇಳಿದಿರುವುದು. ಫೋನ್ ಮಾಡಿ.)

5. ಇಂಜಿನ್ ಆಕಾರ (ಹಳದಿ)
ಸುಮ್ಮನೆ ಹತ್ತಿದ್ದು ಕಾರು ಎಂದಿನಂತೆ ಓಡುತ್ತಿದ್ದರೆ ಗಾಬರಿ ಬೇಡ. ಪೆಟ್ರೋಲ್ ಮುಚ್ಚಳ ಟಿಕ್ ಅನ್ನುವವರೆಗೆ ತಿರುಗಿಸಿ, ನಿಧಾನವಾಗಿ ಮನೆಗೆ ಬನ್ನಿ. ಆ ವಾರವೇ ಗ್ಯಾರೇಜಿಗೆ ತೋರಿಸೋಣ.
ಮಿಣ ಮಿಣ ಅನ್ನುತ್ತಾ ಕಾರು ನಡುಗಿದರೆ ಮಾತ್ರ ಆಕ್ಸಿಲರೇಟರ್ ಬಿಟ್ಟು ಬದಿಗೆ ನಿಲ್ಲಿಸಿ, ಆರಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಗೆ ಹೋಗಿ ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ.