ವಿಷಯ: ಮಾರಿಕಣಿವೆ ಕೋಡಿ ಬಗ್ಗೆ ಆಗಸ್ಟ್ 2024ರಲ್ಲಿ ಕಳ್ಸಿದ್ದ ಲೇಖನ ಎಲ್ಲಿಗೆ ಬಂತು ಅಂತ ಕೇಳೋಕೆ

ನಮಸ್ಕಾರ ಸರ್,

ನಾನು ಚಿತ್ರದುರ್ಗದಿಂದ ಶಿಲ್ಪಾ, ಇತಿಹಾಸದಲ್ಲಿ ಪಿಎಚ್‌ಡಿ ಮಾಡ್ತಿದೀನಿ. ಹೋದ ವರ್ಷ ಆಗಸ್ಟ್ 12ಕ್ಕೆ ನಿಮ್ಮ ಪತ್ರಿಕೆಗೆ "ಮಾರಿಕಣಿವೆ ಕೋಡಿ: ಹಿರಿಯೂರು, ಹೊಸದುರ್ಗ ಸೀಮೆಯ ಜನರ ನೆನಪುಗಳು" ಅಂತ ಒಂದು ಲೇಖನ ಮೇಲ್ ಮಾಡಿದ್ದೆ. ಅದೇ ವಾರದಲ್ಲಿ "ಲೇಖನ ತಲುಪಿದೆ, ತಜ್ಞರ ಪರಿಶೀಲನೆಗೆ ಕಳಿಸಲಾಗುವುದು" ಅಂತ ನಿಮ್ಮ ಕಡೆಯಿಂದ ಉತ್ತರನೂ ಬಂತು. ಅಷ್ಟೇ ಸರ್, ಆಮೇಲೆ ಒಂದಕ್ಷರ ಇಲ್ಲ. ಡಿಸೆಂಬರ್‌ನಲ್ಲಿ ನೆನಪಿಸಿ ಬರೆದೆ, ಯುಗಾದಿ ಆದ್ಮೇಲೆ ಮತ್ತೆ ಬರೆದೆ, ಪತ್ರಿಕೆ ಹಿಂದಿನ ಪುಟದಲ್ಲಿರೋ ನಂಬರಿಗೆ ಫೋನ್ ಮಾಡಿದ್ರೆ ರಿಂಗ್ ಆಗುತ್ತೆ, ಯಾರೂ ಎತ್ತಲ್ಲ. ಈಗ ಮೇ ಬಂತು. ಲೇಖಕರಿಗೆ ಸೂಚನೆ ಅಂತ ನೀವೇ ಹಾಕಿರೋ ಪುಟದಲ್ಲಿ ಮೂರು ತಿಂಗಳೊಳಗೆ ತಿಳಿಸ್ತೀವಿ ಅಂತಿದೆ.

ನಂಗೆ ಗೊತ್ತಾಗಬೇಕಿರೋದು ಇಷ್ಟೇ. ಲೇಖನ ಪರಿಶೀಲಕರ ಹತ್ರ ಹೋಗಿದ್ಯಾ, ಹೋಗಿದ್ರೆ ಅವರು ಏನಾದ್ರೂ ಬರೆದಿದಾರಾ, ಅಥವಾ ಇನ್ನೂ ನಿಮ್ಮ ಕಚೇರಿಲೇ ಇದ್ಯಾ. ಬೇಡ ಅಂತ ತೀರ್ಮಾನ ಆಗಿದ್ರೆ ಅದನ್ನೂ ಹಾಗೇ ಹೇಳ್ಬಿಡಿ ಸರ್, ನಾನೇನೂ ಬೇಜಾರು ಮಾಡ್ಕೊಳಲ್ಲ. ಪರಿಶೀಲಕರು ಸಿಗೋದು ಕಷ್ಟ, ಅವರಿಗೆ ಯಾರೂ ದುಡ್ಡು ಕೊಡಲ್ಲ, ಪರೀಕ್ಷೆ ಪೇಪರ್ ತಿದ್ದೋದರ ಮಧ್ಯೆ ಇದನ್ನ ಓದಬೇಕು, ಇದೆಲ್ಲ ನಂಗೂ ಗೊತ್ತು. ಆದ್ರೆ ಬೇಡ ಅನ್ನೋಕೆ ಒಂದು ಸಾಲು ಸಾಕಲ್ವಾ.

ಈಗಲೇ ಒತ್ತಾಯ ಮಾಡಿ ಕೇಳ್ತಿರೋದಕ್ಕೆ ಲೇಖನದೊಳಗೇ ಒಂದು ಕಾರಣ ಇದೆ. ನಾನು ಕಳ್ಸಿದಾಗ ವಾಣಿವಿಲಾಸ ಸಾಗರ ಕೋಡಿ ಬಿದ್ದಿದ್ದು ಎರಡೇ ಸಲ, 1933ರಲ್ಲಿ ಒಂದ್ಸಲ, ಆಮೇಲೆ 89 ವರ್ಷ ಬಿಟ್ಟು 2022ರ ಸೆಪ್ಟೆಂಬರ್‌ನಲ್ಲಿ ಒಂದ್ಸಲ. ಇಡೀ ಲೇಖನ ನಿಂತಿರೋದೇ ಆ ಎರಡು ಕೋಡಿಗಳ ಮೇಲೆ, ಮೊದಲನೇದು ಅಪ್ಪ ಅಜ್ಜ ಹೇಳಿದ ಮಾತಾಗಿ ಉಳಿದಿದ್ದು, ಎರಡನೇದು ಮೊಬೈಲ್‌ನಲ್ಲಿ ವಿಡಿಯೋ ಮಾಡ್ಕೊಂಡಿದ್ದು. ನೀವು ಇಟ್ಕೊಂಡು ಕೂತಿರೋ ಹೊತ್ತಿಗೆ 2025ರ ಜನವರಿಲಿ ಕಣಿವೆ ಮತ್ತೆ ಕೋಡಿ ಬಿತ್ತು, ಮುಖ್ಯಮಂತ್ರಿಗಳು ಬಂದು ಬಾಗಿನ ಬಿಟ್ಟು ಹೋದ್ರು! ಈಗ "ಇಲ್ಲಿಯವರೆಗೆ ಎರಡೇ ಬಾರಿ" ಅಂತ ಅಚ್ಚಾದ್ರೆ ಹಿರಿಯೂರಿನ ಹೈಸ್ಕೂಲ್ ಹುಡುಗರೂ ನಗ್ತಾರೆ.

ಬರೀ ಅಂಕಿ ಬದಲಾಯಿಸೋ ವಿಷಯ ಆಗಿದ್ರೆ ಪ್ರೂಫ್ ಬಂದಾಗ ತಿದ್ತಿದ್ದೆ. ಹಾಗಲ್ಲ ಇದು. 1907ರಲ್ಲಿ ಕಟ್ಟಿ ಮುಗಿಸಿದಾಗಿಂದ ವೇದಾವತಿ ಜಲಾನಯನದಲ್ಲಿ ಮಳೆ ಆದ್ರೆ ಮಾತ್ರ ಕಣಿವೆಗೆ ನೀರು. 2019ರಿಂದ ಭದ್ರಾ ನೀರನ್ನ ಎತ್ತಿ, ಅಜ್ಜಂಪುರ ಹತ್ರ ಸುರಂಗದಲ್ಲಿ ಹಾಯಿಸಿ ಇಲ್ಲಿಗೆ ಬಿಡ್ತಿದಾರೆ. ಹಾಗಾಗಿ 1933ರ ಕೋಡಿನೂ ಈಗಿನ ಕೋಡಿನೂ ಒಂದೇ ಅಲ್ಲ ಅನ್ನೋದು ನನ್ನ ವಾದ. ಜನ ಮಾತ್ರ ಇದನ್ನ ನಾವು ಕೇಳೋ ತರ ಕೇಳಲ್ಲ. ಅಚ್ಚುಕಟ್ಟಿನ ಕೆಳಗಿರೋರು ಕಣಿವೆ ಮಾರಮ್ಮ ಕಣ್ಣು ಬಿಟ್ಲು ಅಂತಾರೆ, ಹೊಸದುರ್ಗ ಕಡೆ ಹಿನ್ನೀರಿನವರು ನಮ್ಮ ತೋಟಕ್ಕೆ ನೀರು ನುಗ್ತಲ್ಲ ಅದನ್ಯಾರು ಕೇಳ್ತಾರೆ ಅಂತಾರೆ, ಒಬ್ಬ ರೈತರಂತೂ "ಭದ್ರಾ ನೀರು ಅಂದ್ಕೂಡ್ಲೆ ಭಾಗ ಕೇಳೋರು ಬರ್ತಾರೆ, ನೀನು ಮಳೆ ನೀರು ಅಂತಲೇ ಬರ್ಕೊ" ಅಂದ್ರು. ಈ ಜನವರಿ ಕೋಡಿ ಆದ್ಮೇಲೆ ಅದೇ ಹಳ್ಳಿಗಳಿಗೆ ಮತ್ತೆ ಹೋಗಿ ಮಾತಾಡ್ಸಿದೀನಿ. 2022ರಲ್ಲಿ ಕುರಿ ಕಡಿದು ಹಬ್ಬ ಮಾಡಿದ್ದ ಮನೆಯವರೇ ಈ ಸಲ "ಹೌದಾ, ಬಿತ್ತಾ" ಅಂದ್ಬಿಟ್ರು, ಅಷ್ಟು ಬೇಗ ಮಾಮೂಲಿ ಆಗೋಗಿದೆ. ನನ್ನ ಲೆಕ್ಕದಲ್ಲಿ ಲೇಖನದ ಮುಖ್ಯ ಮಾತೇ ಈಗ ಅದು. ಹೊಸ ಭಾಗ ಸುಮಾರು ಎರಡು ಪುಟ ಆಗುತ್ತೆ. ಲೇಖನ ಇನ್ನೂ ಪರಿಶೀಲಕರ ಹತ್ರ ಹೋಗಿಲ್ಲ ಅಂದ್ರೆ ಹಳೇದನ್ನ ಪಕ್ಕಕ್ಕಿಟ್ಟು ಇದನ್ನೇ ಕಳ್ಸಿ ಸರ್. ಹೋಗಿದ್ರೆ ಅವರ ಅಭಿಪ್ರಾಯ ಬಂದ್ಮೇಲೆ ಸೇರಿಸ್ಕೊಡ್ತೀನಿ, ಯಾವುದು ಅನುಕೂಲ ಹೇಳಿ.

ಇನ್ನು ಪಿಎಚ್‌ಡಿ ವಿಷಯ, ಇದು ನನ್ನ ತಲೆನೋವು, ನಿಮ್ಮದಲ್ಲ, ಆದ್ರೂ ಹೇಳಿರ್ತೀನಿ. ನಾನು 2021ರಲ್ಲಿ ರಿಜಿಸ್ಟರ್ ಆದವಳು, ನಂಗೆ 2016ರ ಯುಜಿಸಿ ನಿಯಮ ಅನ್ವಯ. ಅಂದ್ರೆ ಥೀಸಿಸ್ ಕೊಡೋಕೆ ಮುಂಚೆ ಪರಿಶೀಲಿತ ಪತ್ರಿಕೆಲಿ ಒಂದು ಲೇಖನ ಬಂದಿರಲೇಬೇಕು. 2022ರ ನವೆಂಬರ್ ಆದ್ಮೇಲೆ ಸೇರಿದವರಿಗೆ ಆ ಕಡ್ಡಾಯ ಹೋಯ್ತು, ನನ್ನ ಜೂನಿಯರ್‌ಗಳು ಆರಾಮಾಗಿದಾರೆ. ಜತೆಗೆ ಈ ಫೆಬ್ರವರಿಲಿ ಯುಜಿಸಿ ತನ್ನ ಕೇರ್ ಪಟ್ಟಿನೇ ನಿಲ್ಲಿಸ್ತು, ಈಗ ಯಾವ ಪತ್ರಿಕೆ ನಡೆಯುತ್ತೆ ಯಾವುದು ನಡೆಯಲ್ಲ ಅಂತ ಆಯಾ ವಿವಿನೇ ನೋಡ್ಕೋಬೇಕು. ಸ್ವೀಕೃತಿ ಪತ್ರ ಇದ್ರೆ ಸದ್ಯಕ್ಕೆ ಕೆಲಸ ಮುಂದಕ್ಕೆ ಹೋಗುತ್ತೆ ಅಂತ ನಮ್ಮ ಗೈಡ್ ಹೇಳ್ತಿದಾರೆ. ಲೇಖನ ಚೆನ್ನಾಗಿಲ್ಲದಿದ್ರೂ ಒಪ್ಕೊಳ್ಳಿ ಅಂತ ಕೇಳೋಕೆ ಇದನ್ನ ಬರೀತಿಲ್ಲ ಸರ್, ಆ ತರ ಪತ್ರ ಬೇಕಿದ್ರೆ ದುಡ್ಡು ಕೊಟ್ರೆ ವಾರದಲ್ಲಿ ಕೊಡೋ ಪತ್ರಿಕೆಗಳು ದಿನಾ ವಾಟ್ಸಾಪ್‌ನಲ್ಲಿ ಮೆಸೇಜ್ ಹಾಕ್ತಾನೇ ಇರ್ತವೆ.

ನಿಮ್ಮ ಪತ್ರಿಕೆಗೆ ಚಂದಾ ಕಟ್ಟಿದೀನಿ, ಸಂಚಿಕೆ ಪೋಸ್ಟಲ್ಲಿ ಸರಿಯಾಗಿ ಬರ್ತಿದೆ. ಹಳೇ ಮೈಸೂರಿನ ಕೆರೆಗಳ ಬಗ್ಗೆ ಹೋದ ಸಂಚಿಕೆಲಿ ಬಂದಿದ್ದು ತುಂಬಾ ಚೆನ್ನಾಗಿತ್ತು, ಅದಕ್ಕೇ ನಿಮ್ಮಲ್ಲೇ ಬರ್ಲಿ ಅನ್ನೋ ಆಸೆ. ಆದ್ರೆ ಈ ಲೇಖನ ಬೇರೆ ಎಲ್ಲೂ ಕಳಿಸಲ್ಲ ಅಂತ ನಿಮಗೆ ಸಹಿ ಮಾಡಿ ಕೊಟ್ಟಿದೀನಿ, ಆ ಮಾತಿಗೆ ಕಟ್ಟುಬಿದ್ದು ಕಾಯ್ತಿದೀನಿ. ಹಾಗಾಗಿ ಜೂನ್ 15ರೊಳಗೆ ಒಂದು ಉತ್ತರ ಕೊಡಿ. ಅಷ್ಟರೊಳಗೆ ಏನೂ ಬರ್ಲಿಲ್ಲ ಅಂದ್ರೆ ಲೇಖನ ವಾಪಸ್ ತಗೊಂಡಿದೀನಿ ಅಂತ ನಾನೇ ಬರೆದು ತಿಳಿಸಿ, ಆಮೇಲೇ ಬೇರೆ ಕಡೆ ಕಳಿಸ್ತೀನಿ, ಹೇಳದೆ ಕೇಳದೆ ಎರಡು ಕಡೆ ಹಾಕೋ ಕೆಲಸ ಮಾಡಲ್ಲ.

ಹಿರಿಯೂರಿನ ಹತ್ರದ ಒಬ್ಬರು ಅಜ್ಜ ಅವರಪ್ಪ 1933ರಲ್ಲಿ ಗಾಡಿ ಕಟ್ಕೊಂಡು ಕೋಡಿ ನೋಡೋಕೆ ಹೋಗಿದ್ದ ಕಥೆ ಹೇಳಿದ್ರು, ಲೇಖನದ ನಾಲ್ಕನೇ ಪುಟದಲ್ಲಿದೆ. ಅವರು ಆಗಾಗ ಫೋನ್ ಮಾಡಿ "ಏನಮ್ಮ, ನಮ್ಮಪ್ಪನ ಕಥೆ ಬುಕ್ಕಿನಾಗೆ ಬಂತಾ" ಅಂತಾರೆ. ಅವರಿಗೆ ಪರಿಶೀಲನೆ, ಪರಿಶೀಲಕರು ಅಂತೆಲ್ಲ ಹೇಳೋಕೆ ಹೋದ್ರೆ "ನಾನು ಸುಳ್ಳು ಹೇಳಿದೀನಿ ಅಂತಾರಾ ಅವ್ರು?" ಅಂತ ನನ್ನೇ ಕೇಳ್ತಾರೆ.

ಆಗಸ್ಟ್‌ನಲ್ಲಿ ನೀವು ಕಳ್ಸಿದ ಉತ್ತರ ಈ ಮೇಲ್‌ನ ಕೆಳಗೇ ಇದೆ. ಮೂಲ ಲೇಖನ, ಹೊಸ ಭಾಗ ಸೇರಿಸಿರೋ ಪ್ರತಿ, ಸಹಿ ಮಾಡಿದ ಮುಚ್ಚಳಿಕೆ, ಚಂದಾ ರಸೀದಿ ಲಗತ್ತಿಸಿದೀನಿ. ನಿಮ್ಮ ಸೂಚನೆಲಿ ನುಡಿ ಅಂತ ಇದ್ದಿದ್ದರಿಂದ ಆಗ ನುಡಿ ಫೈಲ್ ಕಳ್ಸಿದ್ದೆ, ಪರಿಶೀಲಕರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣ್ತವೆ, ಅದಕ್ಕೇ ಎಲ್ಲಾದ್ರೂ ನಿಂತೋಗಿದ್ಯೇನೋ ಅಂತ ಒಂದು ಅನುಮಾನ. ಈ ಸಲ ಯೂನಿಕೋಡ್ ಮತ್ತೆ ಪಿಡಿಎಫ್ ಎರಡೂ ಇದೆ, ಯಾವುದು ತೆರೆಯುತ್ತೋ ಅದನ್ನ ಮುಂದಕ್ಕೆ ಕಳ್ಸಿ.

ಇಂತಿ,
ಶಿಲ್ಪಾ
ಸಂಶೋಧನಾ ವಿದ್ಯಾರ್ಥಿನಿ, ಚಿತ್ರದುರ್ಗ
20 ಮೇ 2025