ಬಿ.ಎಸ್ಸಿ. ಸೀಟು ಬಿಟ್ಟುಕೊಡುವ ಅರ್ಜಿ: ಮೂಲ ದಾಖಲೆ ಮತ್ತು ಶುಲ್ಕ ವಾಪಸಾತಿಗಾಗಿ

ಶಿವಮೊಗ್ಗ
5 ಸೆಪ್ಟೆಂಬರ್ 2024, ಗುರುವಾರ

ಇವರಿಂದ:
ಸಿಂಚನಾ ಕೆ. ಆರ್.
ಪ್ರಥಮ ಬಿ.ಎಸ್ಸಿ. (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ)
ಪ್ರವೇಶ ಸಂಖ್ಯೆ 112/2024-25
ಊರು: ಕೋಣಂದೂರು, ತೀರ್ಥಹಳ್ಳಿ ತಾಲ್ಲೂಕು

ಇವರಿಗೆ:
ಪ್ರಾಂಶುಪಾಲರು
ಪ್ರಥಮ ದರ್ಜೆ ಕಾಲೇಜು, ಶಿವಮೊಗ್ಗ

ವಿಷಯ: ಸಿಇಟಿ ಕೌನ್ಸೆಲಿಂಗ್‌ನಲ್ಲಿ ಬೇರೆ ಸೀಟು ಸಿಕ್ಕಿರುವುದರಿಂದ ತಮ್ಮ ಕಾಲೇಜಿನ ಸೀಟು ಬಿಟ್ಟುಕೊಡುತ್ತಿರುವ ಬಗ್ಗೆ, ಮೂಲ ದಾಖಲೆಗಳನ್ನು ನಾಳೆಯೇ ಕೊಡಿಸುವಂತೆ ಮತ್ತು ರೂ. 33,000 ಶುಲ್ಕವನ್ನು ಹಿಂದಿರುಗಿಸುವಂತೆ ಕೋರಿಕೆ.

ಮಾನ್ಯರೇ,

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ-2024ರ ಮೊದಲ ಸುತ್ತಿನಲ್ಲಿ ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಬಿ.ಎಸ್ಸಿ. (ಆನರ್ಸ್) ತೋಟಗಾರಿಕೆ ಸೀಟು ನನಗೆ ಹಂಚಿಕೆಯಾಗಿದೆ. ಚಾಯ್ಸ್-1 ಆಯ್ಕೆ ಮಾಡಿ, ಪ್ರಾಧಿಕಾರಕ್ಕೆ ಶುಲ್ಕ ಕಟ್ಟಿ, ನಿನ್ನೆ ಸಂಜೆ ಪ್ರವೇಶ ಆದೇಶವನ್ನು ಡೌನ್‌ಲೋಡ್ ಮಾಡಿಕೊಂಡಿದ್ದೇನೆ. ಮುಂದಿನ ಸುತ್ತಿಗೆ ಕಾಯುವ ಮಾತಿಲ್ಲ. ಆದ್ದರಿಂದ ತಮ್ಮ ಕಾಲೇಜಿನಲ್ಲಿ ನನಗೆ ಕೊಟ್ಟಿದ್ದ ಸೀಟನ್ನು ಇಂದಿನಿಂದ, ಯಾವ ಷರತ್ತೂ ಇಲ್ಲದೆ ಬಿಟ್ಟುಕೊಡುತ್ತಿದ್ದೇನೆ. ಈ ಸೀಟಿನ ಮೇಲೆ ಮುಂದೆ ನಾನಾಗಲಿ, ನಮ್ಮ ಮನೆಯವರಾಗಲಿ ಹಕ್ಕು ಕೇಳುವುದಿಲ್ಲ. ಕಾಯುವ ಪಟ್ಟಿಯಲ್ಲಿರುವವರಿಗೆ ತಾವು ಇಂದೇ ಕೊಡಬಹುದು. ಪ್ರವೇಶದ ಕಾಲ ಇನ್ನೂ ಮುಗಿಯದೆ ಇರುವಾಗಲೇ ತಿಳಿಸಿದರೆ ಮತ್ತೊಬ್ಬರಿಗೆ ಉಪಯೋಗವಾಗುತ್ತದೆ ಎಂದು ಆದೇಶ ಕೈಗೆ ಬಂದ ಮರುದಿನವೇ ಈ ಅರ್ಜಿ ತಂದಿದ್ದೇನೆ.

ನನ್ನ ಕೋರಿಕೆ ಎರಡು. ದಾಖಲೆ ಕೊಡುವುದು ಮತ್ತು ಹಣ ಕೊಡುವುದು ಬೇರೆ ಬೇರೆ ಕೆಲಸಗಳು. ದಯವಿಟ್ಟು ಒಂದಕ್ಕಾಗಿ ಇನ್ನೊಂದನ್ನು ನಿಲ್ಲಿಸಬೇಡಿ. ಹಣದ ಕಡತ ಲೆಕ್ಕ ವಿಭಾಗ, ಆಡಳಿತ ಮಂಡಳಿ, ಬ್ಯಾಂಕು ಎಂದು ಸುತ್ತಿ ಬರಲು ದಿನ ಹಿಡಿಯುತ್ತದೆ, ಅದಕ್ಕೆ ಕಾಯುತ್ತೇನೆ. ದಾಖಲೆಗಳಿಗೆ ಕಾಯಲು ನನ್ನ ಬಳಿ ದಿನಗಳಿಲ್ಲ.

ಮೊದಲು ದಾಖಲೆಗಳ ವಿಷಯ. ನಾಳೆ ಶುಕ್ರವಾರ ಗೌರಿ ಹಬ್ಬ, ನಾಡಿದ್ದು ಗಣೇಶ ಚತುರ್ಥಿಯ ರಜೆ, ಮರುದಿನ ಭಾನುವಾರ. ಸೋಮವಾರ 9ನೇ ತಾರೀಖು ಬೆಳಿಗ್ಗೆ ಮೂಡಿಗೆರೆಯಲ್ಲಿ ವರದಿ ಮಾಡಿಕೊಳ್ಳಬೇಕು, ಅಲ್ಲಿ ಮೂಲ ಪ್ರತಿಗಳನ್ನೇ ತೋರಿಸಬೇಕು. ಜೆರಾಕ್ಸ್ ತೋರಿಸಿ ಸಮಯ ಕೇಳುವಂತಿಲ್ಲ; ನಿಗದಿತ ಅವಧಿಯಲ್ಲಿ ಮೂಲ ದಾಖಲೆಗಳೊಂದಿಗೆ ಹಾಜರಾಗದಿದ್ದರೆ ಸಿಕ್ಕಿದ ಸೀಟೂ ಕೈತಪ್ಪುತ್ತದೆ. ಹೀಗಾಗಿ ನಾಳೆ ಮಧ್ಯಾಹ್ನ 1 ಗಂಟೆಯೊಳಗೆ ದಾಖಲೆಗಳು ನನ್ನ ಕೈಸೇರಬೇಕಾಗಿದೆ.

ಜುಲೈ 8ರಂದು ಪ್ರವೇಶದ ವೇಳೆ ನಾನು ಕೊಟ್ಟ ಮೂಲ ದಾಖಲೆಗಳು ಇವು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ದ್ವಿತೀಯ ಪಿಯುಸಿ ಅಂಕಪಟ್ಟಿ, ಪಿಯು ಕಾಲೇಜಿನ ವರ್ಗಾವಣೆ ಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಒಟ್ಟು ಆರು. ಜಾತಿ-ಆದಾಯ ಪತ್ರವನ್ನು ಆರ್‌ಡಿ ಸಂಖ್ಯೆ ಇಟ್ಟುಕೊಂಡು ಇನ್ನೊಮ್ಮೆ ತೆಗೆಸಬಹುದು, ಅದು ತಡವಾದರೂ ನಡೆಯುತ್ತದೆ. ಉಳಿದ ಐದಕ್ಕೆ ಆ ಅನುಕೂಲವಿಲ್ಲ.

ಇವುಗಳಲ್ಲಿ ಎರಡರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ಕಾಗದ ವಾಪಸ್ ಬಂದರೂ ಕೆಲಸಕ್ಕೆ ಬಾರದೆ ಹೋಗುವುದು ಇಲ್ಲಿಯೇ.

ಒಂದು, ಪಿಯುಸಿ ಅಂಕಪಟ್ಟಿ. ಅದರ ಹಿಂಬದಿಯಲ್ಲಿ ಕಾಲೇಜಿನ ನೀಲಿ ಮೊಹರು ಬಿದ್ದಿದೆ. ಮೊಹರಿನ ಮಧ್ಯೆ ‘ಪ್ರಥಮ ಬಿ.ಎಸ್ಸಿ.ಗೆ ಪ್ರವೇಶ ನೀಡಲಾಗಿದೆ’ ಎಂಬ ಸಾಲು, ಕೆಳಗೆ ಕೈಬರಹದಲ್ಲಿ 112 ಎಂಬ ಸಂಖ್ಯೆ ಮತ್ತು ತಾರೀಖು ಇವೆ. ಇದು ಹೀಗೇ ಇದ್ದರೆ, ಅಂಕಪಟ್ಟಿ ತಿರುಗಿಸಿ ನೋಡಿದವರಿಗೆ ನಾನು ಎರಡು ಕಡೆ ಪ್ರವೇಶ ಪಡೆದಂತೆ ಕಾಣುತ್ತದೆ. ಆ ಮೊಹರಿನ ಮೇಲೆ ಅಡ್ಡಗೆರೆ ಎಳೆದು, ‘ಪ್ರವೇಶ ರದ್ದಾಗಿದೆ’ ಎಂದು ಬರೆದು, ತಾರೀಖಿನೊಂದಿಗೆ ತಮ್ಮ ಸಹಿ ಮತ್ತು ಮೊಹರು ಹಾಕಿಸಿಕೊಡಬೇಕು. ವೈಟ್‌ನರ್ ಹಚ್ಚುವುದಾಗಲಿ, ಉಜ್ಜಿ ಅಳಿಸುವುದಾಗಲಿ ಬೇಡ. ತಿದ್ದಿದ ಗುರುತು ಕಂಡರೆ ಅಂಕಪಟ್ಟಿಯ ಮೇಲೆಯೇ ಅನುಮಾನ ಬರುತ್ತದೆ.

ಎರಡು, ವರ್ಗಾವಣೆ ಪತ್ರ. ಪಿಯು ಕಾಲೇಜಿನ ಮೂಲ ಟಿಸಿಯನ್ನೇ ಹಿಂದಿರುಗಿಸಿ, ಪ್ರವೇಶ ವಹಿಯಲ್ಲಿ ನನ್ನ ಹೆಸರಿನ ಮುಂದೆ ‘ರದ್ದು’ ಎಂದು ಷರಾ ಬರೆದರೆ ಎಲ್ಲಕ್ಕಿಂತ ಸರಳ. ಆ ಟಿಸಿಯನ್ನು ಈಗಾಗಲೇ ಕಡತಕ್ಕೆ ಸೇರಿಸಿ ಹೊಲಿದಿದ್ದು, ಬಿಚ್ಚಲು ಬರುವುದಿಲ್ಲ ಎಂದಾದರೆ, ತಮ್ಮ ಕಾಲೇಜಿನಿಂದ ಹೊಸ ಟಿಸಿ ಕೊಟ್ಟು, ಅದರ ಜೊತೆಗೆ ಪಿಯು ಟಿಸಿಯ ದೃಢೀಕೃತ ಪ್ರತಿಯನ್ನೂ ಕೊಡಿ. ಹೊಸ ಟಿಸಿಯಲ್ಲಿ ಬಿಟ್ಟ ಕಾರಣದ ಜಾಗದಲ್ಲಿ ‘ಸಿಇಟಿ ಮೂಲಕ ಬೇರೆ ಕೋರ್ಸಿಗೆ ಆಯ್ಕೆ’ ಎಂದೂ, ಬಾಕಿ ಇಲ್ಲವೆಂದೂ ಇರಲಿ. ಹೆಸರು, ಇನಿಷಿಯಲ್, ಜನ್ಮ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಬೇಕು. ‘ಕೆ. ಆರ್. ಸಿಂಚನ’ ಎಂದು ಇನಿಷಿಯಲ್ ಮುಂದೆ ಬಂದರೂ, ಕೊನೆಯ ದೀರ್ಘ ಬಿಟ್ಟುಹೋದರೂ ತಿದ್ದಿಸಲು ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಕಾಗದಪತ್ರದಷ್ಟೇ ಮುಖ್ಯವಾದದ್ದು ಯುಯುಸಿಎಂಎಸ್‌ನಲ್ಲಿ ಆಗಿರುವ ದಾಖಲು. ಅಲ್ಲಿ ನನ್ನ ಪ್ರವೇಶವನ್ನು ಅನುಮೋದಿಸಿದ್ದು ಕಾಲೇಜಿನ ಲಾಗಿನ್‌ನಿಂದ, ರದ್ದತಿಯೂ ಅಲ್ಲಿಂದಲೇ ಶುರುವಾಗಬೇಕು. ವಿದ್ಯಾರ್ಥಿಯ ಲಾಗಿನ್‌ನಿಂದ ನಾನೇ ಮಾಡಿಕೊಳ್ಳಲು ಬರುವುದಿಲ್ಲ. ಅದು ಹಾಗೇ ಉಳಿದರೆ ತಮ್ಮ ಪಟ್ಟಿಯಲ್ಲಿ ಸೀಟು ಭರ್ತಿಯಾಗಿಯೇ ಕಾಣುತ್ತದೆ. ನನಗಂತೂ ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ಹಳೆಯ ಕಾಲೇಜಿನ ವಿವರ ಅಡ್ಡ ಬರುತ್ತದೆ. ರದ್ದು ಮಾಡಿದ ಮೇಲೆ ಆ ಪುಟದ ಒಂದು ಮುದ್ರಿತ ಪ್ರತಿಯನ್ನು ಕೊಡಿಸಿದರೆ ಉಪಕಾರವಾಗುತ್ತದೆ.

ಇನ್ನು ಶುಲ್ಕ. ನಾನು ಕಟ್ಟಿದ್ದು ಎರಡು ಕಂತಿನಲ್ಲಿ: ಜುಲೈ 8ರಂದು ಬ್ಯಾಂಕ್ ಚಲನ್ ಮೂಲಕ ರೂ. 20,000 (ರಸೀದಿ 417), ಜುಲೈ 22ರಂದು ತಂದೆಯವರ ಯುಪಿಐ ಮೂಲಕ ರೂ. 13,000 (ರಸೀದಿ 586). ರಸೀದಿಗಳಲ್ಲಿರುವಂತೆ ವಿಂಗಡಣೆ ಹೀಗಿದೆ:

ಬೋಧನಾ ಶುಲ್ಕ: 24,000
ಪ್ರವೇಶ ಶುಲ್ಕ: 1,500
ಪ್ರಯೋಗಾಲಯ: 3,000
ಗ್ರಂಥಾಲಯ ಮತ್ತು ಕ್ರೀಡೆ: 1,200
ಕಾಷನ್ ಡಿಪಾಸಿಟ್: 2,000
ಸಮವಸ್ತ್ರದ ಬಟ್ಟೆ: 1,300
ಒಟ್ಟು: ರೂ. 33,000 (ಮೂವತ್ಮೂರು ಸಾವಿರ ಮಾತ್ರ)

ಸಮವಸ್ತ್ರದ ಬಟ್ಟೆಯನ್ನು ಹೊಲಿಸಿಲ್ಲ, ಕತ್ತರಿಸಿಯೂ ಇಲ್ಲ. ಕೊಟ್ಟ ಕವರಿನಲ್ಲೇ ತಂದು ಇಂದು ಕಚೇರಿಗೆ ಒಪ್ಪಿಸುತ್ತಿದ್ದೇನೆ. ಮಾಹಿತಿ ಪುಸ್ತಕಕ್ಕೆ ಕೊಟ್ಟ 300 ರೂಪಾಯಿಯನ್ನು ಕೇಳುತ್ತಿಲ್ಲ, ಅದು ಕೊಂಡ ವಸ್ತು. ಹಾಸ್ಟೆಲ್ ಸೇರಿರಲಿಲ್ಲ, ವಿನೋಬನಗರದ ಅತ್ತೆಯವರ ಮನೆಯಿಂದ ಬಂದುಹೋಗುತ್ತಿದ್ದೆ. ಆದ್ದರಿಂದ ಆ ಬಾಬ್ತು ಲೆಕ್ಕವೇನೂ ಇಲ್ಲ.

ರಸೀದಿಗಳ ಕೆಳಗೆ ‘ಕಟ್ಟಿದ ಶುಲ್ಕವನ್ನು ಹಿಂದಿರುಗಿಸಲಾಗುವುದಿಲ್ಲ’ ಎಂದು ಅಚ್ಚಾಗಿದೆ. ಬೆಳಿಗ್ಗೆ ಕೌಂಟರಿನಲ್ಲಿ ವಿಚಾರಿಸಿದಾಗಲೂ ಅದನ್ನೇ ತೋರಿಸಿದರು. ತರಗತಿ ಶುರುವಾದ ಮೇಲೆ ಬಿಡುವವರು ಪೂರ್ತಿ ಕೋರ್ಸಿನ ಶುಲ್ಕ ಕಟ್ಟಿದರೆ ಮಾತ್ರ ಟಿಸಿ ಎಂದೂ ಹೇಳಿದರು. ಕೌಂಟರಿನಲ್ಲಿ ಕೂತವರು ತಮಗೆ ಹೇಳಿಕೊಟ್ಟದ್ದನ್ನು ಹೇಳಿದ್ದಾರೆ, ಅವರ ಮೇಲೆ ನನ್ನ ದೂರಿಲ್ಲ. ಆದರೆ ಯುಜಿಸಿ ನಿಯಮ ಇದಕ್ಕೆ ಒಪ್ಪುವುದಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲೇಬೇಕು.

2024-25ನೇ ಸಾಲಿಗೆ ಯುಜಿಸಿ ಹೊರಡಿಸಿರುವ ಶುಲ್ಕ ವಾಪಸಾತಿ ನೀತಿಯ ಪ್ರಕಾರ 30 ಸೆಪ್ಟೆಂಬರ್ 2024ರವರೆಗೆ ಪ್ರವೇಶ ರದ್ದು ಮಾಡಿಕೊಂಡವರಿಗೆ ಪೂರ್ಣ ಶುಲ್ಕ ವಾಪಸ್ ಕೊಡಬೇಕು. ಅಲ್ಲಿಂದ ಅಕ್ಟೋಬರ್ 31ರವರೆಗೆ ರದ್ದಾದರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಳ್ಳಬಹುದು. ನನ್ನ ಅರ್ಜಿ ಸೆಪ್ಟೆಂಬರ್ 5ರದ್ದು. ತರಗತಿ ಆಗಸ್ಟ್ 12ಕ್ಕೆ ಶುರುವಾಯಿತು, ನಾನು ಹಾಜರಾಗಿದ್ದೆ ಎಂಬುದು ನಿಜ; ಆದರೆ ಈ ಗಡುವನ್ನು ಲೆಕ್ಕ ಹಾಕುವುದು ರದ್ದತಿಯ ತಾರೀಖಿನಿಂದ, ತರಗತಿ ಆರಂಭದ ದಿನದಿಂದ ಅಲ್ಲ. ಬರಲಿರುವ ವರ್ಷಗಳ ಶುಲ್ಕವನ್ನು ಬಿಟ್ಟುಹೋಗುವವರಿಂದ ಕೇಳುವುದಕ್ಕೂ ಈ ನೀತಿಯಲ್ಲಿ ಆಸ್ಪದವಿಲ್ಲ.

ಅಕ್ಟೋಬರ್ 2018ರ ಯುಜಿಸಿ ಅಧಿಸೂಚನೆ ಇನ್ನೆರಡು ಮಾತು ಸ್ಪಷ್ಟವಾಗಿ ಹೇಳಿದೆ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ, ವಿದ್ಯಾರ್ಥಿಯೇ ದೃಢೀಕರಿಸಿದ ಪ್ರತಿಗಳನ್ನು ಇಟ್ಟುಕೊಂಡು, ಮೂಲವನ್ನು ವಾಪಸ್ ಕೊಡಬೇಕು. ಯಾವ ಕಾಲೇಜೂ ಅವುಗಳನ್ನು ತಡೆಹಿಡಿಯುವಂತಿಲ್ಲ. ಲಿಖಿತ ಅರ್ಜಿ ಕೈಸೇರಿದ 15 ದಿನದೊಳಗೆ ಶುಲ್ಕ ಹಿಂದಿರುಗಿಸಬೇಕು. ಅದರಂತೆ ನನ್ನ ಹಣ 20 ಸೆಪ್ಟೆಂಬರ್ 2024ರೊಳಗೆ ಬರಬೇಕಾಗುತ್ತದೆ. ರಸೀದಿಯಲ್ಲಿ ಅಚ್ಚಾದ ಸಾಲು ಈ ನಿಯಮಗಳನ್ನು ಮೀರಲಾರದು ಎಂದು ವಿನಯದಿಂದ ತಿಳಿಸುತ್ತೇನೆ.

ಹಣವನ್ನು ನಗದಾಗಿ ಬೇಡ, ಎನ್‌ಇಎಫ್‌ಟಿ ಮೂಲಕ ತಂದೆಯವರ ಖಾತೆಗೇ ಹಾಕಿಸಿ. ಎರಡನೇ ಕಂತು ಹೋದದ್ದು ಅದೇ ಖಾತೆಯಿಂದ. ಅದು ತೀರ್ಥಹಳ್ಳಿ ಶಾಖೆಯ ಉಳಿತಾಯ ಖಾತೆ, ಕೊನೆಯ ನಾಲ್ಕು ಅಂಕಿ 4172. ಖಾತೆ ಸಂಖ್ಯೆಯನ್ನು ಕೈಬರಹದಲ್ಲಿ ಬರೆದರೆ ಒಂದಂಕಿ ತಪ್ಪಿ ಹಣ ಅಲೆಯುವುದುಂಟು, ಅದಕ್ಕಾಗಿ ರದ್ದು ಮಾಡಿದ ಚೆಕ್ ಹಾಳೆಯನ್ನೇ ಲಗತ್ತಿಸಿದ್ದೇನೆ. ಯಾವುದಾದರೂ ಬಾಬ್ತನ್ನು ಮುರಿದುಕೊಳ್ಳುವುದಿದ್ದರೆ ಮೊತ್ತ ಮತ್ತು ನಿಯಮವನ್ನು ಬರೆದು ತಿಳಿಸಿ. ಬಾಯಿಮಾತಿನ ಉತ್ತರದ ಮೇಲೆ ಮುಂದೆ ಯಾರಿಗೂ ಏನೂ ಹೇಳಲಾಗುವುದಿಲ್ಲ.

ನನ್ನ ಕಡೆಯಿಂದ ಬಾಕಿ ಏನೂ ಇಲ್ಲ. ಗ್ರಂಥಾಲಯದ ಎರಡು ಪುಸ್ತಕಗಳನ್ನು ಇಂದು ಹಿಂದಿರುಗಿಸಿ ಕಾರ್ಡಿನ ಮೇಲೆ ಸಹಿ ಪಡೆದಿದ್ದೇನೆ. ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನನ್ನ ಕೈಯಿಂದ ಒಡೆದ ಪಿಪೆಟ್‌ಗೆ ರೂ. 180 ಕಟ್ಟಿದ ರಸೀದಿಯೂ ಇದೆ. ಮೂರೂ ವಿಭಾಗ, ಗ್ರಂಥಾಲಯ ಮತ್ತು ಕ್ರೀಡಾ ವಿಭಾಗದ ಸಹಿಯಿರುವ ಬಾಕಿ ಇಲ್ಲದ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಗುರುತಿನ ಚೀಟಿಯನ್ನೂ ಒಪ್ಪಿಸುತ್ತಿದ್ದೇನೆ.

ಈ ಅರ್ಜಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ತಾರೀಖು ಮತ್ತು ಆವಕ ಸಂಖ್ಯೆ ಹಾಕಿಸಿಕೊಡಬೇಕೆಂದು ಕೋರುತ್ತೇನೆ. 15 ದಿನದ ಎಣಿಕೆ ಆ ತಾರೀಖಿನಿಂದಲೇ. ನಾಳೆ ತಂದೆಯವರೂ ನಾನೂ ಬೆಳಿಗ್ಗೆ 10ಕ್ಕೆ ಕಚೇರಿಗೆ ಬರುತ್ತೇವೆ. ಆರೂ ದಾಖಲೆಗಳನ್ನು ಒಂದೊಂದಾಗಿ ನೋಡಿ, ತಲುಪಿದ ಬಗ್ಗೆ ಅಲ್ಲೇ ಬರೆದು ಸಹಿ ಮಾಡಿಕೊಡುತ್ತೇನೆ. ಮಳೆ ಬಿಟ್ಟಿಲ್ಲವಾದ್ದರಿಂದ ಪ್ಲಾಸ್ಟಿಕ್ ಫೈಲನ್ನು ನಾವೇ ತರುತ್ತೇವೆ.

ಈ ಕೆಲವು ವಾರಗಳಲ್ಲಿ ಮೇಷ್ಟ್ರುಗಳು ಪ್ರೀತಿಯಿಂದ ಪಾಠ ಹೇಳಿದ್ದಾರೆ. ಸಸ್ಯಶಾಸ್ತ್ರದ ತರಗತಿಯಲ್ಲಿ ಕಲಿತದ್ದು ತೋಟಗಾರಿಕೆಯಲ್ಲೂ ನನ್ನ ಜೊತೆ ಬರುತ್ತದೆ. ಅವರೆಲ್ಲರಿಗೂ ನನ್ನ ನಮಸ್ಕಾರಗಳು.

ತಮ್ಮ ವಿಶ್ವಾಸಿ,
ಸಿಂಚನಾ ಕೆ. ಆರ್.

ತಂದೆಯ ಒಪ್ಪಿಗೆ: ಮಗಳು ಸಿಂಚನಾ ಈ ಸೀಟು ಬಿಟ್ಟುಕೊಡುತ್ತಿರುವುದಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇದೆ. ಶುಲ್ಕದ ಹಣವನ್ನು ನನ್ನ ಮೇಲ್ಕಂಡ ಖಾತೆಗೆ ಜಮಾ ಮಾಡಬಹುದು. ಮೂಲ ದಾಖಲೆಗಳನ್ನು ಅವಳ ಕೈಗೇ ಕೊಡಿ.
ರಮೇಶ್ ಕೆ. ಎಸ್., ಕೋಣಂದೂರು

ಲಗತ್ತುಗಳು: ಸಿಇಟಿ ಪ್ರವೇಶ ಆದೇಶದ ಪ್ರತಿ, ಪ್ರಾಧಿಕಾರಕ್ಕೆ ಶುಲ್ಕ ಕಟ್ಟಿದ ರಸೀದಿಯ ಪ್ರತಿ, ಕಾಲೇಜಿನ ರಸೀದಿ 417 ಮತ್ತು 586ರ ಪ್ರತಿಗಳು (ಮೂಲ ನನ್ನ ಬಳಿ ಇವೆ, ಹಣ ಜಮಾ ಆದ ಮೇಲೆ ಒಪ್ಪಿಸುತ್ತೇನೆ), ಬಾಕಿ ಇಲ್ಲದ ಪತ್ರ, ಪಿಪೆಟ್ ರಸೀದಿ, ರದ್ದು ಮಾಡಿದ ಚೆಕ್ ಹಾಳೆ, ಆರೂ ದಾಖಲೆಗಳ ನಾನೇ ದೃಢೀಕರಿಸಿದ ಪ್ರತಿಗಳು, ಕಾಲೇಜಿನ ಕಡತಕ್ಕಾಗಿ.

ಪ್ರತಿ: ಕುಲಸಚಿವರು, ಕುವೆಂಪು ವಿಶ್ವವಿದ್ಯಾಲಯ, ಶಂಕರಘಟ್ಟ, ಪ್ರವೇಶ ರದ್ದತಿಯ ಮಾಹಿತಿಗಾಗಿ.